ರಿಜಿಸ್ಟರ್ ಫೈಲ್ ತಪ್ಪು ತೋರಿಸಿದರೆ ಎಲ್ಲಿಂದ ಹುಡುಕಬೇಕು?

ಬ್ರೆಡ್‌ಬೋರ್ಡ್ ಮೇಲೆ ಪುಟ್ಟ ಪ್ರೊಸೆಸರ್ ಕಟ್ಟಲು ಹೊರಟವರು ಮೊದಲು ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯವಾಗಿ ರಿಜಿಸ್ಟರ್ ಫೈಲ್‌ನಲ್ಲಿ. ಕಾಗದದ ಮೇಲೆ ಇದು ಸುಲಭ. ಬರೆಯಲು ಒಂದು ಡಿಕೋಡರ್, ಇಟ್ಟುಕೊಳ್ಳಲು ಫ್ಲಿಪ್‌ಫ್ಲಾಪ್‌ಗಳು, ಓದಲು ಎರಡು ಸೆಟ್ ಮಲ್ಟಿಪ್ಲೆಕ್ಸರ್. ಆದರೆ ಬೋರ್ಡ್ ಮೇಲೆ ಬಂದಾಗ ನೂರಾರು ವೈರ್ ಆಗುತ್ತವೆ. ಒಂದು ತಪ್ಪಾದರೂ ಎಲ್ಲಾ ರಿಜಿಸ್ಟರ್‌ಗಳೂ ಒಟ್ಟಿಗೆ ಹುಚ್ಚು ಹಿಡಿದಂತೆ ಕಾಣುತ್ತವೆ. ಆಗ ವೈರ್‌ಗಳನ್ನು ಒಂದೊಂದಾಗಿ ಎಳೆದು ನೋಡುತ್ತಾ ಕೂರಬೇಡಿ. ಎಲ್ಲಿ ತಪ್ಪಿದೆ ಅಂತ ಸರ್ಕ್ಯೂಟ್ ತಾನೇ ಹೇಳುವಂತೆ ಮಾಡಬಹುದು.

ಇಲ್ಲಿ ಉದಾಹರಣೆಗೆ ನಾಲ್ಕು ರಿಜಿಸ್ಟರ್, ಪ್ರತಿಯೊಂದರಲ್ಲೂ ನಾಲ್ಕು ಬಿಟ್ ಇರುವ ಫೈಲ್ ತೆಗೆದುಕೊಂಡಿದ್ದೇನೆ. ಐಸಿಗಳು ಇವು:

```
4 x 74HC175   ನಾಲ್ಕು ಡಿ ಫ್ಲಿಪ್‌ಫ್ಲಾಪ್: ಒಂದು ಐಸಿ = ಒಂದು ರಿಜಿಸ್ಟರ್
1 x 74HC139   ರೈಟ್ ಡಿಕೋಡರ್ (ಅರ್ಧ ಮಾತ್ರ ಬಳಕೆ)
4 x 74HC153   ಎ ಪೋರ್ಟ್‌ಗೆ ಎರಡು, ಬಿ ಪೋರ್ಟ್‌ಗೆ ಎರಡು
1 x 74HC161   ರೈಟ್ ಅಡ್ರೆಸ್ ಕೊಡುವ ಕೌಂಟರ್
1 x 74HC00    ರೈಟ್ ಸ್ಟ್ರೋಬ್ ಮಾಡುವ ನ್ಯಾಂಡ್ ಗೇಟ್‌ಗಳು
```

ಮುಂದೆ ಇವನ್ನು ಸುಮ್ನೆ 175, 139, 153 ಅಂತ ಕರೆಯುತ್ತೇನೆ. ಎರಡೂ ರೀಡ್ ಪೋರ್ಟ್‌ಗಳ ತುದಿಯಲ್ಲಿ ನಾಲ್ಕು ನಾಲ್ಕು ಎಲ್‌ಇಡಿ, ಪ್ರತಿಯೊಂದಕ್ಕೂ 1 ಕಿಲೋ ಓಮ್ ರೆಸಿಸ್ಟರ್. ಎರಡು ರೀಡ್ ಅಡ್ರೆಸ್‌ಗಳೂ ಡಿಪ್ ಸ್ವಿಚ್‌ನಿಂದ ಬರುತ್ತವೆ. ಡೇಟಾ ಕೂಡ ಸ್ವಿಚ್‌ನಿಂದಲೇ.

139ರ ಔಟ್‌ಪುಟ್‌ಗಳು ಉಲ್ಟಾ. ಆಯ್ಕೆಯಾದದ್ದು ಸೊನ್ನೆಗೆ ಇಳಿಯುತ್ತದೆ, ಉಳಿದ ಮೂರು ಒಂದರಲ್ಲೇ ಇರುತ್ತವೆ. ಅದರ ಎನೇಬಲ್ ಕೂಡ ಸೊನ್ನೆಯಾದಾಗಲೇ ಕೆಲಸ ಮಾಡುವುದು, ಆ ಎನೇಬಲ್‌ಗೆ ಕೊಡುವ ಸೊನ್ನೆಯ ಪಲ್ಸ್‌ಗೇ ರೈಟ್ ಸ್ಟ್ರೋಬ್ ಅನ್ನುವುದು. ಈ ಔಟ್‌ಪುಟ್ ನೇರವಾಗಿ 175ರ ಕ್ಲಾಕ್ ಪಿನ್‌ಗೆ ಹೋಗುತ್ತದೆ. 175 ಡೇಟಾ ಹಿಡಿಯುವುದು ಕ್ಲಾಕ್ ಏರುವಾಗ. ಅಂದರೆ ಸ್ಟ್ರೋಬ್ ಶುರುವಾದಾಗ ಏನೂ ಆಗುವುದಿಲ್ಲ, ಸ್ಟ್ರೋಬ್ ಮುಗಿಯುವ ಕ್ಷಣದಲ್ಲಿ ಬರಹ ನಡೆಯುತ್ತದೆ. ಇದನ್ನು ನೆನಪಿಡಿ. ಈ ಲೇಖನದಲ್ಲಿ ನಾವು ಹುಡುಕಲಿರುವ ಮುಖ್ಯ ದೋಷ ಹುಟ್ಟುವುದು ಅಲ್ಲೇ.

## ಮೊದಲ ಪ್ರಶ್ನೆ: ಎರಡೂ ಪೋರ್ಟ್ ಒಂದೇ ಮಾತು ಹೇಳುತ್ತವಾ?

ಎರಡು ರೀಡ್ ಪೋರ್ಟ್ ಇರುವುದು ದೋಷ ಹುಡುಕುವವರಿಗೆ ದೊಡ್ಡ ಅನುಕೂಲ. ಒಂದೇ ಘಟನೆಗೆ ಇಬ್ಬರು ಸಾಕ್ಷಿಗಳು ಇದ್ದ ಹಾಗೆ. ಎರಡೂ ರೀಡ್ ಅಡ್ರೆಸ್‌ಗಳನ್ನು ಒಂದೇ ಸಂಖ್ಯೆಗೆ ಇಡಿ. 00, 01, 10, 11 ನಾಲ್ಕನ್ನೂ ನೋಡಿ, ಎಲ್‌ಇಡಿಗಳು ಏನು ತೋರಿಸುತ್ತವೆ ಅಂತ ಬರೆದುಕೊಳ್ಳಿ.

ಎರಡೂ ಪೋರ್ಟ್ ಬೇರೆ ಬೇರೆ ತೋರಿಸಿದರೆ ತಪ್ಪು ಓದುವ ಕಡೆ ಇದೆ. ಫ್ಲಿಪ್‌ಫ್ಲಾಪ್ ಒಳಗೆ ಇರುವುದು ಒಂದೇ ಬೆಲೆ ಅಲ್ವಾ? ಅದನ್ನು ಇಬ್ಬರು ಬೇರೆ ಬೇರೆ ಹೇಳುತ್ತಿದ್ದರೆ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ಎರಡೂ ಒಂದೇ ತೋರಿಸಿ, ಆ ಉತ್ತರವೇ ತಪ್ಪಾಗಿದ್ದರೆ ತಪ್ಪು ಬಹುತೇಕ ಬರೆಯುವ ಕಡೆ ಅಥವಾ ಫ್ಲಿಪ್‌ಫ್ಲಾಪ್‌ನಲ್ಲೇ ಇದೆ. ಎರಡೂ ಪೋರ್ಟ್‌ಗೆ ಒಂದೇ ರೀತಿ ತಪ್ಪು ವೈರಿಂಗ್ ಮಾಡಿದ್ದರೆ ಮಾತ್ರ ಈ ನಿಯಮ ಮೋಸ ಮಾಡುತ್ತದೆ. ಒಂದು ಪೋರ್ಟ್ ನೋಡಿಕೊಂಡು ಇನ್ನೊಂದನ್ನು ಕಾಪಿ ಮಾಡಿದವರು ಇದನ್ನು ಮರೆಯಬಾರದು. ಸಂಶಯ ಬಂದರೆ ಮಲ್ಟಿಪ್ಲೆಕ್ಸರ್ ಬಿಟ್ಟು ನೇರವಾಗಿ 175ರ ಔಟ್‌ಪುಟ್ ಪಿನ್‌ಗಳನ್ನೇ ಅಳೆಯಿರಿ. ಅವು 2, 7, 10, 15. ಪಕ್ಕದ 3, 6, 11, 14ರಲ್ಲಿ ಬರುವುದು ಅದೇ ಬಿಟ್‌ಗಳ ಉಲ್ಟಾ.

ಇಷ್ಟು ಮಾಡಿದರೆ ಹುಡುಕುವ ಜಾಗ ಅರ್ಧ ಆಗುತ್ತದೆ. ಆದರೆ ಇದಕ್ಕೆ ಮೊದಲು ರಿಜಿಸ್ಟರ್‌ಗಳಲ್ಲಿ ಸರಿಯಾದ ಬೆಲೆಗಳನ್ನು ತುಂಬಿರಬೇಕು.

## ಯಾವ ಬೆಲೆ ತುಂಬಬೇಕು

ಜಾಸ್ತಿ ಜನ `0001`, `0010`, `0100`, `1000` ತುಂಬುತ್ತಾರೆ. ನೋಡಲು ಚೆನ್ನಾಗಿದೆ, ಪರೀಕ್ಷೆಗೆ ಚೆನ್ನಾಗಿಲ್ಲ. 0 ಮತ್ತು 1ನೇ ರಿಜಿಸ್ಟರ್ ಅದಲುಬದಲಾದರೂ, 0 ಮತ್ತು 1ನೇ ಬಿಟ್ ಅದಲುಬದಲಾದರೂ ಎಲ್‌ಇಡಿ ಮೇಲೆ ಕಾಣುವುದು ಒಂದೇ. ಯಾವುದು ತಿರುಗಿದೆ ಅಂತ ಹೇಳಲು ಆಗುವುದಿಲ್ಲ.

ಅದರ ಬದಲು ಹೀಗೆ ತುಂಬಿ:

```
R0 = 0001
R1 = 0011
R2 = 0111
R3 = 1111
```

ಇಲ್ಲಿ ಎಷ್ಟು ಎಲ್‌ಇಡಿ ಉರಿಯುತ್ತಿವೆ ಅನ್ನುವುದು ರಿಜಿಸ್ಟರ್ ಯಾವುದು ಅಂತ ಹೇಳುತ್ತದೆ. ಯಾವ ಜಾಗದಲ್ಲಿ ಉರಿಯುತ್ತಿವೆ ಅನ್ನುವುದು ಬಿಟ್‌ಗಳ ಕಥೆ ಹೇಳುತ್ತದೆ. ಎರಡು ಎಲ್‌ಇಡಿ ಉರಿಯಬೇಕಾದ ಕಡೆ ಮೂರು ಉರಿದರೆ ರಿಜಿಸ್ಟರ್ ತಪ್ಪಿರಬಹುದು. ಎರಡೇ ಉರಿದು ಜಾಗ ತಪ್ಪಿದರೆ ಬಿಟ್ ವೈರ್‌ಗಳು ತಿರುಗಿವೆ. ಒಂದು ಕೊರತೆ ಇದೆ. ಕೊನೆಯ ಬಿಟ್ ಎಲ್ಲದರಲ್ಲೂ 1. ಆ ಬಿಟ್ ಒಂದರಲ್ಲೇ ಅಂಟಿಕೊಂಡಿದ್ದರೆ ಈ ಪರೀಕ್ಷೆಗೆ ಗೊತ್ತಾಗುವುದಿಲ್ಲ. ಅದಕ್ಕೆ ಎರಡನೇ ಸುತ್ತಿನಲ್ಲಿ ಇವುಗಳ ಉಲ್ಟಾ ತುಂಬಿ: `1110`, `1100`, `1000`, `0000`. ಎರಡೂ ಸುತ್ತು ಸರಿ ಬಂದರೆ ವೈರಿಂಗ್ ಬಗ್ಗೆ ಬಹುಮಟ್ಟಿಗೆ ನೆಮ್ಮದಿಯಾಗಿರಬಹುದು.

ಕರೆಂಟ್ ಕೊಟ್ಟ ತಕ್ಷಣ ರಿಜಿಸ್ಟರ್‌ಗಳಲ್ಲಿ ಕಾಣುವ ಅಡ್ಡಾದಿಡ್ಡಿ ಬೆಲೆಗಳು ದೋಷ ಅಲ್ಲ. ಕ್ಲಿಯರ್ ಕೊಡುವವರೆಗೆ ಫ್ಲಿಪ್‌ಫ್ಲಾಪ್ ಏನು ಬೇಕಾದರೂ ತೋರಿಸಬಹುದು. ಬರೆಯುತ್ತಿರುವ ರಿಜಿಸ್ಟರನ್ನೇ ಓದುತ್ತಿದ್ದರೆ ಸ್ಟ್ರೋಬ್ ಮುಗಿಯುವವರೆಗೆ ಹಳೆಯ ಬೆಲೆ, ಮುಗಿದ ಮೇಲೆ ಹೊಸದು ಬರುವುದೂ ಸರಿಯೇ.

## ಓದುವ ಕಡೆಯ ಎರಡು ತಪ್ಪುಗಳು

ಓದುವ ಕಡೆ ಸಾಮಾನ್ಯವಾಗಿ ಸಿಗುವ ತಪ್ಪುಗಳು ಎರಡೇ. ಎರಡಕ್ಕೂ ಕಾರಣ 153ರ ಪಿನ್ ಜೋಡಣೆ.

ಮೊದಲನೆಯದು ಸೆಲೆಕ್ಟ್ ವೈರ್‌ಗಳದು. 139ರಲ್ಲಿ ಅಡ್ರೆಸ್‌ನ ಕೆಳಗಿನ ಬಿಟ್ 2ನೇ ಪಿನ್‌ಗೆ, ಮೇಲಿನ ಬಿಟ್ 3ಕ್ಕೆ. 153ರಲ್ಲಿ ಕೆಳಗಿನ ಬಿಟ್ 14ನೇ ಪಿನ್‌ಗೆ, ಮೇಲಿನದು 2ಕ್ಕೆ. ಡಿಕೋಡರ್ ವೈರಿಂಗ್ ಮುಗಿಸಿದ ಗುಂಗಿನಲ್ಲಿ 153ರ 2ನೇ ಪಿನ್‌ಗೂ ಕೆಳಗಿನ ಬಿಟ್ ಹಾಕಿಬಿಡುವುದು ತುಂಬಾ ಸಹಜ. ಆಗ ಆ ಪೋರ್ಟ್ 0001, 0111, 0011, 1111 ತೋರಿಸುತ್ತದೆ. 0 ಮತ್ತು 3 ಸರಿ, 1 ಮತ್ತು 2 ಅದಲುಬದಲು. ಎರಡೂ ಪೋರ್ಟ್ ಹೀಗೇ ತೋರಿಸಿದರೆ ಮೊದಲು ನೋಡಬೇಕಾದದ್ದು ಡಿಕೋಡರ್‌ನ ಕಡೆ, ಅಲ್ಲಿ 2 ಮತ್ತು 3ನೇ ಪಿನ್ ತಿರುಗಿರಬಹುದು.

ಎರಡನೆಯದು ಸ್ವಲ್ಪ ಕಳ್ಳ ತಪ್ಪು. 153ರ ಎಡಭಾಗದಲ್ಲಿ ಡೇಟಾ ಪಿನ್‌ಗಳು ಉಲ್ಟಾ ಇಳಿಯುತ್ತವೆ. ಪಿನ್ 6 ಅಂದರೆ 0ನೇ ಇನ್‌ಪುಟ್, 5 ಅಂದರೆ 1, 4 ಅಂದರೆ 2, 3 ಅಂದರೆ 3. ಬಲಭಾಗದಲ್ಲಿ ಪಿನ್ 10ರಿಂದ 13ರವರೆಗೆ 0, 1, 2, 3 ಸರಿಯಾಗಿ ಏರುತ್ತವೆ. ಐಸಿಯನ್ನು ಮೇಲಿಂದ ನೋಡಿದರೆ 6ರ ಎದುರಿಗೆ 11, 5ರ ಎದುರಿಗೆ 12 ಬರುತ್ತವೆ. ಇನ್‌ಪುಟ್‌ಗಳು ನೇರ ಎದುರಿಗೆ ಹೊಂದುವುದಿಲ್ಲ, ಒಂದು ಸಾಲು ಜರುಗಿವೆ. ಕಣ್ಣಂದಾಜಿನಲ್ಲಿ ವೈರ್ ಹಾಕಿದರೆ ಎಡವುವುದು ಖಾತ್ರಿ.

ಒಂದು ಉದಾಹರಣೆ ನೋಡಿ. ಎ ಪೋರ್ಟ್‌ನ 1ನೇ ಬಿಟ್‌ಗೆ 153ರ ಬಲಭಾಗ ಬಳಸಿದ್ದೀರಿ, ಆದರೆ ಪಿನ್ 13ರಿಂದ ಶುರುಮಾಡಿ ಕೆಳಕ್ಕೆ ಬಂದಿದ್ದೀರಿ. ಆ ಒಂದು ಬಿಟ್ ಮಾತ್ರ ಹಿಂದುಮುಂದಾಗುತ್ತದೆ. 0 ಕೇಳಿದರೆ 3ನೇ ರಿಜಿಸ್ಟರ್‌ನ ಬಿಟ್, 1 ಕೇಳಿದರೆ 2ನೆಯದರದು. ಎಲ್‌ಇಡಿಗಳಲ್ಲಿ ಹೀಗೆ ಕಾಣುತ್ತದೆ:

```
ಅಡ್ರೆಸ್   ಬಿ ಪೋರ್ಟ್   ಎ ಪೋರ್ಟ್
00       0001       0011
01       0011       0011
10       0111       0111
11       1111       1101
```

ಮಧ್ಯದ ಎರಡು ಸಾಲು ಸರಿ ಇವೆ. ಸುಮ್ನೆ 1 ಮತ್ತು 2ನೇ ರಿಜಿಸ್ಟರ್ ನೋಡಿ ಸರಿ ಇದೆ ಅಂದುಕೊಂಡವರಿಗೆ ಇದು ಸಿಗುವುದೇ ಇಲ್ಲ. ನಾಲ್ಕೂ ಸಾಲು ಬರೆದವರಿಗೆ ತಪ್ಪಿರುವುದು ಒಂದೇ ಕಾಲಂ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಹೀಗೆ 00 ಮತ್ತು 11ರ ಸಾಲಿನಲ್ಲಿ ಒಂದೇ ಕಾಲಂ ತಪ್ಪಿದ್ದರೆ ಅದು 153ರ ಅರ್ಧಭಾಗದ ಡೇಟಾ ವೈರ್‌ಗಳು. ಸೆಲೆಕ್ಟ್ ವೈರ್‌ಗಳು ತಿರುಗಿದ್ದರೆ 00 ಮತ್ತು 11 ಸರಿ ಇದ್ದು, 01 ಮತ್ತು 10 ತಪ್ಪುತ್ತಿದ್ದವು.

ಇನ್ನು 153ರ 1 ಮತ್ತು 15ನೇ ಪಿನ್‌ಗಳು ಎನೇಬಲ್. ಇವೆರಡನ್ನೂ ಗ್ರೌಂಡ್‌ಗೆ ಹಾಕಲೇಬೇಕು. ಹಾಗೇ ಬಿಟ್ಟರೆ ಕೈ ಹತ್ತಿರ ತಂದಾಗ ಎಲ್‌ಇಡಿ ಬದಲಾಗುತ್ತದೆ. ಸೀಮಾಸ್ ಐಸಿಯಲ್ಲಿ ಖಾಲಿ ಇನ್‌ಪುಟ್ ಅಂದರೆ ಸೊನ್ನೆಯೂ ಅಲ್ಲ, ಒಂದೂ ಅಲ್ಲ.

## ಬರೆಯುವ ಕಡೆ: ರಿಜಿಸ್ಟರ್ 0 ಯಾಕೆ ಕೊನೆಗೆ ಕೆಡುತ್ತದೆ

ಈಗ ನಿಜವಾಗಿ ತಲೆ ತಿನ್ನುವ ದೋಷಕ್ಕೆ ಬರೋಣ. ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿಯ ಬೋರ್ಡ್‌ನಲ್ಲಿ ಇದು ಇತ್ತು. ಅವರು 161 ಕೌಂಟರ್‌ನಿಂದ ರೈಟ್ ಅಡ್ರೆಸ್ ಕೊಡುತ್ತಿದ್ದರು. ಒಂದೊಂದು ಕ್ಲಾಕ್‌ಗೆ ಒಂದು ರಿಜಿಸ್ಟರ್ ತುಂಬುತ್ತಾ ಹೋಗುವುದು ಉದ್ದೇಶ. ಮೇಲೆ ಹೇಳಿದ ನಾಲ್ಕು ಬೆಲೆ ತುಂಬಿದ ಮೇಲೆ ಎರಡೂ ಪೋರ್ಟ್‌ಗಳಲ್ಲಿ ಬಂದದ್ದು ಇದು:

```
R0 = 1111   (ಇರಬೇಕಾದದ್ದು 0001)
R1 = 0011
R2 = 0111
R3 = 1111
```

ಎರಡೂ ಪೋರ್ಟ್ ಒಪ್ಪುತ್ತಿವೆ. ಹಾಗಾಗಿ ಮಲ್ಟಿಪ್ಲೆಕ್ಸರ್‌ಗಳನ್ನು ಮುಟ್ಟುವ ಅಗತ್ಯ ಇಲ್ಲ. ಅವರು 0ನೇ ರಿಜಿಸ್ಟರ್‌ನ 175 ಕೆಟ್ಟಿದೆ ಅಂತ ಐಸಿ ಬದಲಿಸಿದ್ದರು. ಏನೂ ಬದಲಾಗಲಿಲ್ಲ. ಆಮೇಲೆ ಡಿಕೋಡರ್‌ನ 4 ಮತ್ತು 7ನೇ ಪಿನ್ ಎಲ್ಲೋ ತಾಗಿಕೊಂಡಿವೆ ಅಂತ ಸಂಶಯಪಟ್ಟರು. ಅದು ಒಳ್ಳೆಯ ಸಂಶಯವೇ. ಆದರೆ ತಾಗಿಕೊಂಡಿದ್ದರೆ ಎರಡು ಕಡೆಯೂ ಸೋರಬೇಕು: 3ಕ್ಕೆ ಬರೆದರೆ 0 ಕೆಡಬೇಕು, 0ಗೆ ಬರೆದರೆ 3 ಕೂಡ ಕೆಡಬೇಕು.

ಅದನ್ನು ನೋಡಲು ಸರಳ ಪ್ರಯೋಗ ಒಂದಿದೆ. ಎಲ್ಲಾ ರಿಜಿಸ್ಟರ್ ಕ್ಲಿಯರ್ ಮಾಡಿ, ಕೌಂಟರನ್ನೂ ಸೊನ್ನೆಗೆ ತನ್ನಿ. ಡೇಟಾ ಸ್ವಿಚ್‌ನಲ್ಲಿ `1001` ಇಡಿ. ಒಂದೇ ಒಂದು ಕ್ಲಾಕ್ ಕೊಡಿ. ಈಗ ನಾಲ್ಕೂ ರಿಜಿಸ್ಟರ್ ಓದಿ. 0ರಲ್ಲಿ `1001` ಇರಬೇಕು, ಉಳಿದ ಮೂರರಲ್ಲಿ ಸೊನ್ನೆ. ಆ ಬೋರ್ಡ್‌ನಲ್ಲಿ 0ರಲ್ಲೂ `1001`, 1ರಲ್ಲೂ `1001`. 3ರಲ್ಲಿ ಸೊನ್ನೆ!

ಅಂದರೆ 0 ಮತ್ತು 3ರ ನಡುವೆ ವಿಶೇಷ ಸಂಬಂಧ ಏನೂ ಇಲ್ಲ. ಪ್ರತಿ ಬರಹವೂ ಮುಂದಿನ ರಿಜಿಸ್ಟರ್‌ಗೂ ಸೋರುತ್ತಿದೆ. ಸಾಲಾಗಿ ತುಂಬುವಾಗ ಅದು ಕಾಣುತ್ತಿರಲಿಲ್ಲ, ಯಾಕೆಂದರೆ ಮುಂದಿನ ಕ್ಲಾಕ್‌ನಲ್ಲಿ ಆ ರಿಜಿಸ್ಟರ್‌ಗೆ ಸರಿಯಾದ ಬೆಲೆ ಬಂದು ಹಳೆಯದನ್ನು ಅಳಿಸುತ್ತಿತ್ತು. ಕೊನೆಯದಾಗಿ 3ನೇ ರಿಜಿಸ್ಟರ್ ಬರೆದಾಗ ಕೌಂಟರ್ ಸುತ್ತಿ 0ಗೆ ಬರುತ್ತದೆ. ಅಲ್ಲಿಗೆ ಸೋರಿದ್ದನ್ನು ಸರಿಮಾಡಲು ಮತ್ತೆ ಯಾರೂ ಬರುವುದಿಲ್ಲ. ಹಾಗಾಗಿ ತಪ್ಪು ಎಲ್ಲಾ ಕಡೆ ಇದ್ದರೂ ಕಂಡದ್ದು 0ರಲ್ಲಿ ಮಾತ್ರ.

ಕ್ಲಾಕ್ ಬಟನ್ ಕುಣಿತದಿಂದಲೂ ಹೀಗೆ ಆಗಬಹುದು. ಬಟನ್ ಒಂದು ಸಲ ಒತ್ತಿದರೆ ಒಳಗಿನ ಲೋಹ ಕುಣಿದು ಎರಡು ಮೂರು ಕ್ಲಾಕ್ ಹೋಗಿಬಿಡುತ್ತದೆ. ಆಗಲೂ ಒಂದೇ ಡೇಟಾ ಸಾಲಾಗಿ ಹಲವು ರಿಜಿಸ್ಟರ್‌ಗೆ ಬೀಳುತ್ತದೆ. ಬೇರೆ ಮಾಡುವುದು ಸುಲಭ. ಕೌಂಟರ್ ಔಟ್‌ಪುಟ್‌ಗೆ ಎಲ್‌ಇಡಿ ಹಾಕಿ ನೋಡಿ. ಬಟನ್ ಕುಣಿದರೆ ಎಣಿಕೆ ಒಂದಕ್ಕಿಂತ ಜಾಸ್ತಿ ಮುಂದೆ ಹೋಗುತ್ತದೆ. ಇಲ್ಲಿ ಎಣಿಕೆ ಪ್ರತಿ ಸಲ ಸರಿಯಾಗಿ ಒಂದೇ ಏರುತ್ತಿತ್ತು.

## ಕ್ಲಾಕ್ ನಿಧಾನ ಮಾಡಿದರೆ ಹೋಗುತ್ತದಾ?

ಇದು ಕೇಳಲೇಬೇಕಾದ ಪ್ರಶ್ನೆ. ಕ್ಲಾಕ್ ನಿಧಾನ ಮಾಡಿದಾಗ ಹೋಗುವ ದೋಷ ಅಂದರೆ ಸಿಗ್ನಲ್‌ಗಳಿಗೆ ಸಮಯ ಸಾಲುತ್ತಿಲ್ಲ ಅಂತ ಅರ್ಥ. ನಿಧಾನ ಮಾಡಿದರೂ ಹಾಗೇ ಇದ್ದರೆ ಅದು ವೈರಿಂಗ್ ತಪ್ಪು, ಇಲ್ಲವೇ ಒಂದೇ ಅಂಚಿನಿಂದ ಹೊರಟ ಎರಡು ಸಿಗ್ನಲ್‌ಗಳ ಓಟ. ಓಟದಲ್ಲಿ ಯಾರು ಮೊದಲು ಮುಟ್ಟುತ್ತಾರೆ ಅನ್ನುವುದು ಗೇಟ್‌ಗಳ ತಡದ ಮೇಲೆ ನಿಂತಿದೆ. ಸೆಕೆಂಡಿಗೆ ಒಂದು ಕ್ಲಾಕ್ ಕೊಟ್ಟರೂ ಆ ತಡ ಬದಲಾಗುವುದಿಲ್ಲ. ಈ ಬೋರ್ಡ್‌ನಲ್ಲಿ ಕೈಯಿಂದ ಕ್ಲಾಕ್ ಕೊಟ್ಟಾಗಲೂ ಸೋರುತ್ತಿತ್ತು. ಹಾಗಾಗಿ ಓಟದ ಮೇಲೆ ಅನುಮಾನ.

ಓಡುತ್ತಿರುವವರು ಯಾರು ಅಂತ ನೋಡೋಣ. ಕ್ಲಾಕ್ ಏರಿದಾಗ ಎರಡು ಕೆಲಸ ಆಗಬೇಕು. ಸ್ಟ್ರೋಬ್ ಮುಗಿಯಬೇಕು, ಕೌಂಟರ್ ಮುಂದಿನ ಅಡ್ರೆಸ್‌ಗೆ ಹೋಗಬೇಕು. ಸ್ಟ್ರೋಬ್ ಮೊದಲು ಮುಗಿದರೆ ಸರಿ. ಅಡ್ರೆಸ್ ಮೊದಲು ಬದಲಾದರೆ ಡಿಕೋಡರ್ ಇನ್ನೂ ಎನೇಬಲ್ ಆಗಿರುವಾಗಲೇ ಹಳೆಯ ಔಟ್‌ಪುಟ್ ಏರಿ, ಹೊಸ ಔಟ್‌ಪುಟ್ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಸ್ಟ್ರೋಬ್ ಮುಗಿದಾಗ ಆ ಹೊಸದೂ ಏರುತ್ತದೆ. ಏರುವ ಅಂಚು ಎರಡಾದವು, ಬರಹವೂ ಎರಡಾಯಿತು.

ಸ್ಟ್ರೋಬ್ ಬರುವ ದಾರಿ ನೋಡಿದಾಗ ಎಲ್ಲಾ ಗೊತ್ತಾಯಿತು. ಒಂದೇ 74HC00ರ ನಾಲ್ಕೂ ನ್ಯಾಂಡ್ ಗೇಟ್‌ಗಳನ್ನು ಸರಪಳಿಯಂತೆ ಬಳಸಿದ್ದರು. ಮೊದಲ ಗೇಟ್ ಕ್ಲಾಕ್ ಉಲ್ಟಾ ಮಾಡುತ್ತದೆ. ಎರಡನೆಯದು ಅದಕ್ಕೆ ರೈಟ್ ಸಿಗ್ನಲ್ ಸೇರಿಸುತ್ತದೆ. ಮೂರನೆಯದು ಮತ್ತೆ ಉಲ್ಟಾ. ನಾಲ್ಕನೆಯದು ರನ್ ಸ್ವಿಚ್ ಸೇರಿಸಿ 139ರ ಎನೇಬಲ್‌ಗೆ ಕೊಡುತ್ತದೆ. ಲಾಜಿಕ್‌ನಲ್ಲಿ ತಪ್ಪೇ ಇಲ್ಲ, ಟ್ರೂತ್ ಟೇಬಲ್ ಸರಿಯಾಗಿ ಬರುತ್ತದೆ.

```
ಸ್ಟ್ರೋಬ್:   ಕ್ಲಾಕ್ -> ನ್ಯಾಂಡ್ x 4 -> 139 ಎನೇಬಲ್   ಸುಮಾರು 35 ns
ಅಡ್ರೆಸ್:   ಕ್ಲಾಕ್ -> 161        -> 139 ಅಡ್ರೆಸ್   ಸುಮಾರು 20 ns
```

5 ವೋಲ್ಟ್‌ನಲ್ಲಿ ಈ ಸರಣಿಯ ಒಂದು ನ್ಯಾಂಡ್ ಗೇಟ್‌ಗೆ ಮಾಮೂಲಾಗಿ 8–9 ನ್ಯಾನೋಸೆಕೆಂಡ್ ಹಿಡಿಯುತ್ತದೆ. 161 ತನ್ನ ಔಟ್‌ಪುಟ್ ಬದಲಿಸಲು 20ರ ಆಸುಪಾಸು. ಅಂದರೆ ಅಡ್ರೆಸ್ ಸುಮಾರು 15 ನ್ಯಾನೋಸೆಕೆಂಡ್ ಮೊದಲೇ ಬಂದುಬಿಡುತ್ತದೆ. ಮುಂದಿನ ರಿಜಿಸ್ಟರ್‌ಗೆ ಅಷ್ಟು ಅಗಲದ ಪುಟ್ಟ ಪಲ್ಸ್ ಹೋಗುತ್ತದೆ. 175ರ ಡೇಟಾಶೀಟ್ ಇನ್ನೂ ಅಗಲವಾದ ಪಲ್ಸ್ ಕೇಳುತ್ತದೆ, ಆದರೆ ಅದು ಖಾತ್ರಿ ಕೊಡುವ ಅಂಕಿ. ನಿಜವಾದ ಐಸಿ ಸಾಮಾನ್ಯವಾಗಿ ಇದಕ್ಕಿಂತ ಕಿರಿದಾದ ಪಲ್ಸ್‌ಗೂ ಡೇಟಾ ಹಿಡಿಯುತ್ತದೆ. ಹಿಡಿಯದೇ ಇರುವುದೂ ಉಂಟು. ಅದಕ್ಕೇ ಇಂಥ ದೋಷ ಕೆಲವು ಬೋರ್ಡ್‌ನಲ್ಲಿ ಒಂದು ರಿಜಿಸ್ಟರ್‌ಗೆ ಬಂದು ಇನ್ನೊಂದಕ್ಕೆ ಬರುವುದಿಲ್ಲ, ಸ್ಕೋಪ್‌ನ ಪ್ರೋಬ್ ಮುಟ್ಟಿಸಿದರೆ ಮಾಯವಾಗುತ್ತದೆ. ಪ್ರೋಬ್‌ನ ಕೆಪಾಸಿಟನ್ಸ್ ಸೇರಿದಾಗ ಓಟದ ಲೆಕ್ಕವೇ ಬದಲಾಗುತ್ತದೆ.

## ಸ್ಕೋಪ್ ಇಲ್ಲದೆ ಖಚಿತ ಮಾಡಿಕೊಳ್ಳುವುದು

15 ನ್ಯಾನೋಸೆಕೆಂಡ್ ಪಲ್ಸ್ ನೋಡಲು ಒಳ್ಳೆಯ ಸ್ಕೋಪ್ ಬೇಕು. ಅದಿಲ್ಲದೆಯೂ ಎರಡು ಪ್ರಯೋಗದಿಂದ ಇದನ್ನು ಹಿಡಿಯಬಹುದು.

ಒಂದು, ಓಟಗಾರರಲ್ಲಿ ಒಬ್ಬರನ್ನು ನಿಲ್ಲಿಸಿ. 161ರ 7ನೇ ಪಿನ್ ಎಣಿಕೆಯ ಎನೇಬಲ್. ಅದನ್ನು ಗ್ರೌಂಡ್‌ಗೆ ಹಾಕಿದರೆ ಕ್ಲಾಕ್ ಬಂದರೂ ಅಡ್ರೆಸ್ ಅಲುಗಾಡುವುದಿಲ್ಲ. ಈಗ ಮತ್ತೆ ಕ್ಲಿಯರ್ ಮಾಡಿ, `1001` ಬರೆಯಿರಿ. 1ನೇ ರಿಜಿಸ್ಟರ್ ಈ ಸಲ ಸೊನ್ನೆಯಾಗಿಯೇ ಉಳಿದರೆ ಸೋರಿಕೆಗೆ ಅಡ್ರೆಸ್ ಬದಲಾವಣೆಯೇ ಕಾರಣ ಅಂತ ಆಯಿತು. ಡಿಕೋಡರ್ ಔಟ್‌ಪುಟ್‌ಗಳು ತಾಗಿಕೊಂಡಿದ್ದರೆ ಕೌಂಟರ್ ನಿಂತಿದ್ದರೂ ಸೋರುತ್ತಿತ್ತು. ಹಾಗಾಗಿ ಆ ಸಂಶಯವೂ ಇದರ ಜೊತೆಗೇ ಬಗೆಹರಿಯುತ್ತದೆ.

ಎರಡು, ದೋಷವನ್ನು ಬೇಕೆಂದೇ ಜಾಸ್ತಿ ಮಾಡಿ. ಕೌಂಟರ್‌ನ 7ನೇ ಪಿನ್ ಮೊದಲಿನಂತೆ ಮಾಡಿ. ನ್ಯಾಂಡ್ ಔಟ್‌ಪುಟ್ ಮತ್ತು 139ರ 1ನೇ ಪಿನ್ ನಡುವೆ 1 ಕಿಲೋ ಓಮ್ ರೆಸಿಸ್ಟರ್ ಹಾಕಿ, ಆ ಪಿನ್‌ನಿಂದ ಗ್ರೌಂಡ್‌ಗೆ 100 ಪಿಕೋಫ್ಯಾರಡ್ ಕೆಪಾಸಿಟರ್ ಹಾಕಿ. ಸ್ಟ್ರೋಬ್ ಇನ್ನೂ 70 ನ್ಯಾನೋಸೆಕೆಂಡ್‌ನಷ್ಟು ತಡವಾಗುತ್ತದೆ. ಮೊದಲು ಆಗೊಮ್ಮೆ ಈಗೊಮ್ಮೆ ಸೋರುತ್ತಿದ್ದದ್ದು ಈಗ ಪ್ರತಿ ಸಲ ಸೋರಿದರೆ ನಿಮ್ಮ ಊಹೆ ಸರಿ. ಕೆಲವೊಮ್ಮೆ ಮಾತ್ರ ಬರುವ ದೋಷ ಇದ್ದಾಗ ಅದನ್ನು ಸದಾ ಬರುವಂತೆ ಮಾಡುವುದು ತುಂಬಾ ಉಪಯೋಗ. ರಿಪೇರಿ ಆದ ಮೇಲೆ ನಿಜವಾಗಿ ಹೋಯಿತಾ ಅಂತ ತಿಳಿಯಲು ಬೇರೆ ದಾರಿ ಇಲ್ಲ. ಪ್ರಯೋಗ ಮುಗಿದ ಮೇಲೆ ರೆಸಿಸ್ಟರ್, ಕೆಪಾಸಿಟರ್ ತೆಗೆದುಬಿಡಿ.

## ತೇಪೆ ಬೇಡ, ಕ್ಲಾಕ್ ಗೇಟ್ ಮಾಡುವುದನ್ನೇ ಬಿಡಿ

ಇಲ್ಲಿ ಸುಲಭದ ತೇಪೆ ಒಂದಿದೆ. ಕ್ಲಾಕ್ ನಾಲ್ಕು ಗೇಟ್ ದಾಟುವ ಬದಲು ಎರಡೇ ದಾಟುವಂತೆ ನ್ಯಾಂಡ್‌ಗಳನ್ನು ಮರುಜೋಡಿಸಬಹುದು. ರೈಟ್ ಮತ್ತು ರನ್ ಸಿಗ್ನಲ್‌ಗಳನ್ನು ಮೊದಲೇ ಸೇರಿಸಿ, ಉಲ್ಟಾ ಮಾಡಿದ ಕ್ಲಾಕನ್ನು ಕೊನೆಯ ಗೇಟ್‌ಗೆ ಕೊಡುವುದು. ಬೇಕಾಗುವುದು ಅದೇ ನಾಲ್ಕು ಗೇಟ್. ಸ್ಟ್ರೋಬ್ ತಡ 17ರ ಹತ್ತಿರಕ್ಕೆ ಇಳಿಯುತ್ತದೆ, ಸೋರಿಕೆ ನಿಂತ ಹಾಗೆ ಕಾಣುತ್ತದೆ. ಆದರೆ 17ಕ್ಕೂ 20ಕ್ಕೂ ಇರುವ ಅಂತರ ಎಷ್ಟು? ಬೇರೆ ಕಂಪನಿಯ ಐಸಿ ಹಾಕಿದರೆ, ವೋಲ್ಟೇಜ್ ಸ್ವಲ್ಪ ಇಳಿದರೆ, ವೈರ್ ಉದ್ದವಾದರೆ ಮತ್ತೆ ಬರುತ್ತದೆ. ಅಡ್ರೆಸ್ ವೈರ್‌ಗೆ ಕೆಪಾಸಿಟರ್ ಹಾಕಿ ನಿಧಾನ ಮಾಡುವುದೂ ಇದೇ ಜಾತಿಯ ತೇಪೆ. ನನಗೆ ಎರಡೂ ಇಷ್ಟ ಇಲ್ಲ.

ಸರಿಯಾದ ದಾರಿ ಅಂದರೆ ನಾಲ್ಕೂ 175ಗೆ ಒಂದೇ ಕ್ಲಾಕ್ ನೇರವಾಗಿ ಕೊಡುವುದು. ಪ್ರತಿ ಕ್ಲಾಕ್‌ನಲ್ಲೂ ಪ್ರತಿ ರಿಜಿಸ್ಟರ್ ಬರೆಯಲಿ. ಆದರೆ ಆಯ್ಕೆಯಾದದ್ದು ಹೊಸ ಡೇಟಾ ಬರೆಯಲಿ, ಉಳಿದವು ತಮ್ಮ ಹಳೆಯ ಬೆಲೆಯನ್ನೇ ಮತ್ತೆ ಬರೆದುಕೊಳ್ಳಲಿ. ಇದಕ್ಕೆ ಪ್ರತಿ ರಿಜಿಸ್ಟರ್‌ಗೆ ಒಂದು `74HC157` ಬೇಕು. ಅದರಲ್ಲಿ ಎರಡರಲ್ಲಿ ಒಂದನ್ನು ಆರಿಸುವ ನಾಲ್ಕು ಮಲ್ಟಿಪ್ಲೆಕ್ಸರ್ ಇವೆ, ಒಂದು 175ಗೆ ಸರಿಯಾಗಿ ಸಾಕು.

157ರ ಸೆಲೆಕ್ಟ್ 1ನೇ ಪಿನ್. ಅದು ಸೊನ್ನೆ ಇದ್ದರೆ ಮೊದಲ ಸೆಟ್ ಇನ್‌ಪುಟ್ ಹೋಗುತ್ತದೆ, ಒಂದು ಇದ್ದರೆ ಎರಡನೇ ಸೆಟ್. 139ರ ಔಟ್‌ಪುಟ್ ಆಯ್ಕೆಯಾದಾಗ ಸೊನ್ನೆ ಅಲ್ವಾ? ಹಾಗಾಗಿ ಮೊದಲ ಸೆಟ್‌ಗೆ ಹೊಸ ಡೇಟಾ, ಎರಡನೇ ಸೆಟ್‌ಗೆ ಅದೇ 175ರ ಔಟ್‌ಪುಟ್ ಕೊಟ್ಟರೆ ಮುಗಿಯಿತು. ನಡುವೆ ಇನ್ವರ್ಟರ್ ಬೇಕಿಲ್ಲ. 15ನೇ ಪಿನ್ ಗ್ರೌಂಡ್‌ಗೆ. 139ರ ಎನೇಬಲ್‌ಗೆ ಈಗ ಕ್ಲಾಕ್ ಸೇರಿಸಬೇಡಿ. ರೈಟ್ ಮತ್ತು ರನ್ ಎರಡೂ ಇದ್ದಾಗ ಅದು ಸೊನ್ನೆಯಾದರೆ ಸಾಕು, ಅದಕ್ಕೆ ಒಂದೇ ನ್ಯಾಂಡ್ ಗೇಟ್.

ನಾಲ್ಕು ಐಸಿ ಜಾಸ್ತಿ ಆಯಿತು, ವೈರ್ ಇನ್ನೂ ಜಾಸ್ತಿ. ಅಷ್ಟು ಬೇಡ ಅನ್ನುವವರು 175 ತೆಗೆದು `74HC377` ಹಾಕಬಹುದು. ಎಂಟು ಫ್ಲಿಪ್‌ಫ್ಲಾಪ್, ಒಳಗೇ ಎನೇಬಲ್ ಇದೆ. ಎನೇಬಲ್ 1ನೇ ಪಿನ್, ಸೊನ್ನೆಯಾದಾಗ ಕೆಲಸ. ಕ್ಲಾಕ್ 11ನೇ ಪಿನ್. ನಾಲ್ಕು ಬಿಟ್ ಖಾಲಿ ಉಳಿಯುತ್ತವೆ, ಅವುಗಳ ಇನ್‌ಪುಟ್ ಗ್ರೌಂಡ್‌ಗೆ ಹಾಕಿ. ಆದರೆ ಇದರಲ್ಲಿ ಕ್ಲಿಯರ್ ಪಿನ್ ಇಲ್ಲ. ಸೊನ್ನೆ ಮಾಡಬೇಕಾದರೆ ಸೊನ್ನೆಯನ್ನು ಬರೆಯಬೇಕು.

ಈಗ ಅದೇ ಓಟದ ಕಥೆ ಏನಾಯಿತು ನೋಡಿ. ಕ್ಲಾಕ್ ಏರಿದ ಕ್ಷಣವೇ ಎಲ್ಲಾ 175ಗಳೂ ಡೇಟಾ ಹಿಡಿದುಬಿಡುತ್ತವೆ. ಕೌಂಟರ್ ಬದಲಾಗಿ, ಅದು 139 ದಾಟಿ, 157 ದಾಟಿ ಬರುವ ಹೊತ್ತಿಗೆ ಬರಹ ಮುಗಿದು ಆಗಿರುತ್ತದೆ. ಅಡ್ರೆಸ್ ಬದಲಾಗುವಾಗ ಡಿಕೋಡರ್ ಔಟ್‌ಪುಟ್‌ನಲ್ಲಿ ಎಷ್ಟು ಪುಟ್ಟ ಪಲ್ಸ್ ಬಂದರೂ ಚಿಂತೆ ಇಲ್ಲ, ಮುಂದಿನ ಅಂಚಿನ ಮೊದಲು ನೆಟ್ಟಗಾದರೆ ಸಾಕು. ಉಳಿಯುವುದು ಒಂದೇ ಮಿತಿ: ಕೌಂಟರ್, ಡಿಕೋಡರ್, ಮಲ್ಟಿಪ್ಲೆಕ್ಸರ್ ಮೂರರ ತಡ ಮತ್ತು 175 ಕೇಳುವ ಸಿದ್ಧತಾ ಸಮಯ ಸೇರಿ ಒಂದು ಕ್ಲಾಕ್‌ನೊಳಗೆ ಮುಗಿಯಬೇಕು. ಒಟ್ಟು 70 ನ್ಯಾನೋಸೆಕೆಂಡ್ ಅಂತ ಇಟ್ಟುಕೊಂಡರೂ, ಬ್ರೆಡ್‌ಬೋರ್ಡ್ ಮೇಲೆ 1 ಮೆಗಾಹರ್ಟ್ಸ್‌ನಲ್ಲಿ ಬೇಕಾದಷ್ಟು ಜಾಗ ಇದೆ. ಅದನ್ನು ಮೀರಿದಾಗ ಬರುವ ದೋಷ ಕ್ಲಾಕ್ ನಿಧಾನ ಮಾಡಿದರೆ ಹೋಗುತ್ತದೆ. ಮೊದಲಿನದಕ್ಕೂ ಇದಕ್ಕೂ ಅದೇ ವ್ಯತ್ಯಾಸ.

## ಇನ್ನೂ ಸರಿಹೋಗದಿದ್ದರೆ ಪವರ್ ನೋಡಿ

ಎಲ್ಲಾ ಸರಿ ಮಾಡಿದರೂ ಒಂದು ರಿಜಿಸ್ಟರ್ ಮಾತ್ರ ಹಠ ಮಾಡುತ್ತಿದ್ದರೆ ಆ ಐಸಿಯ ಕಾಲಿನ ಮೇಲೇ ಮೀಟರ್ ಇಟ್ಟು ವೋಲ್ಟೇಜ್ ಅಳೆಯಿರಿ. ಬೋರ್ಡ್‌ನ ತೂತಿನಲ್ಲಿ ಅಳೆದರೆ ಸಾಲದು. ಉದ್ದದ ಬ್ರೆಡ್‌ಬೋರ್ಡ್‌ಗಳಲ್ಲಿ ಕೆಲವದರ ಪವರ್ ಸಾಲು ಮಧ್ಯದಲ್ಲಿ ತುಂಡಾಗಿರುತ್ತದೆ. ಆ ಕಡೆಯ ಐಸಿಗಳಿಗೆ 5 ವೋಲ್ಟ್ ಹೋಗಿರುವುದೇ ಇಲ್ಲ.

ವಿಚಿತ್ರ ಏನೆಂದರೆ ಆಗಲೂ ಐಸಿ ಕೆಲಸ ಮಾಡುವಂತೆ ಕಾಣುತ್ತದೆ! ಇನ್‌ಪುಟ್ ಪಿನ್‌ಗಳ ಒಳಗಿನ ರಕ್ಷಣಾ ಡಯೋಡ್ ಮೂಲಕ ಕರೆಂಟ್ ನುಗ್ಗುತ್ತದೆ. 175ರಲ್ಲಿ ಕ್ಲಿಯರ್ ಪಿನ್ 5 ವೋಲ್ಟ್‌ಗೆ ಕಟ್ಟಿರುತ್ತೇವೆ, ಅಲ್ಲಿಂದಲೇ ಐಸಿ ಬದುಕಿಬಿಡುತ್ತದೆ. 16ನೇ ಪಿನ್‌ನಲ್ಲಿ 5ರ ಬದಲು 4.3ರ ಆಸುಪಾಸು ಕಂಡರೆ ಪವರ್ ವೈರ್ ಬಿಟ್ಟುಹೋಗಿದೆ ಅಂತಲೇ ತಿಳಿಯಿರಿ. ಪ್ರತಿ ಐಸಿಯ ಪವರ್ ಪಿನ್ ಪಕ್ಕದಲ್ಲಿ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇದೆಯಾ ಅಂತಲೂ ಇದೇ ಸಮಯದಲ್ಲಿ ನೋಡಿಬಿಡಿ.

ಐಸಿಯ ಮೇಲಿನ ಹೆಸರನ್ನೂ ಒಮ್ಮೆ ಓದಿ. ಅಂಗಡಿಯಲ್ಲಿ HC ಸಿಗದೆ LS ಕೊಟ್ಟಿದ್ದರೆ ಪಿನ್‌ಗಳೆಲ್ಲ ಹೊಂದುತ್ತವೆ, ವೋಲ್ಟೇಜ್ ಹೊಂದುವುದಿಲ್ಲ. LS ಐಸಿಯ ಒಂದು ಅಂದರೆ 2.7 ವೋಲ್ಟ್‌ಗೆ ಮೇಲೆ ಅಂತ ಮಾತ್ರ ಖಾತ್ರಿ. HC ಐಸಿ ಅದನ್ನು ಒಂದು ಅಂತ ಒಪ್ಪಲು 5 ವೋಲ್ಟ್ ಪವರ್‌ನಲ್ಲಿ 3.5 ಬೇಕು. LS ಔಟ್‌ಪುಟ್ ಇರುವ ಪ್ರತಿ ವೈರ್‌ನಿಂದ 5 ವೋಲ್ಟ್‌ಗೆ 4.7 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ತಾತ್ಕಾಲಿಕವಾಗಿ ನಡೆಯುತ್ತದೆ. HCT ಹೆಸರಿನ ಐಸಿ ಸಿಕ್ಕರೆ ಅದನ್ನೇ ಹಾಕಿ, ಅದಕ್ಕೆ 2 ವೋಲ್ಟ್ ಸಾಕು.